ಕಿಟಕಿಯ ಬಳಿ ಒಂದು ಕರಟ

(ಕಳಸದಲ್ಲಿ ವಿಶ್ವ ಪರಿಸರ ದಿನದಂದು ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)



ಜೂನ್ 5 ಬಂತೆಂದರೆ ನನ್ನಂಥ ಮೇಷ್ಟ್ರುಗಳಿಗೆ ಭಾಷಣದ ಕರೆ ಬರುತ್ತದೆ. ಮೂವತ್ತು ವರ್ಷ ನಾನೂ ಮಾಡಿದ್ದೇನೆ. ಭೂಮಿಯ ಬಿಸಿ ಎಷ್ಟು ಏರಿತು, ಧ್ರುವದ ಮಂಜು ಎಷ್ಟು ಕರಗಿತು ಎಂದು ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲಿ ಅಂಕ ತೆಗೆದರು, ಮನೆಗೆ ಹೋದರು. ಅವರ ಮನೆಯಲ್ಲಾಗಲಿ ನನ್ನ ಮನೆಯಲ್ಲಾಗಲಿ ಮರುದಿನ ಬೆಳಿಗ್ಗೆ ಏನೂ ಬದಲಾಗಲಿಲ್ಲ. ಆದ್ದರಿಂದ ಇವತ್ತು ಜಗತ್ತಿನ ಲೆಕ್ಕ ಹೇಳುವುದಿಲ್ಲ. ನಮ್ಮ ಅಡುಗೆಮನೆಯ ಲೆಕ್ಕ ಹೇಳುತ್ತೇನೆ. ಅದರಲ್ಲೂ ಒಂದೇ ಒಂದು ಅಭ್ಯಾಸದ ಮಾತು.

ಹಣ್ಣು ತಿಂದ ಮೇಲೆ ಬೀಜವನ್ನು ಎಲ್ಲಿ ಹಾಕುತ್ತೀರಿ?

ಇದು ಹಲಸಿನ ಕಾಲ. ಮಾವು ಮುಗಿಯುತ್ತ ಬಂದಿದೆ, ನೇರಳೆ ಉದುರುತ್ತಿದೆ, ಕಾಡಿನ ಅಂಚಿನಲ್ಲಿ ಹೆಬ್ಬಲಸು ಹಣ್ಣಾಗಿದೆ. ಈಗಿನಿಂದ ಶ್ರಾವಣದವರೆಗೆ ನಮ್ಮ ಮನೆಗಳಲ್ಲಿ ಹಣ್ಣು ಇಲ್ಲದ ದಿನ ಕಡಿಮೆ. ತಿಂದಾದ ಮೇಲೆ ಸಿಪ್ಪೆ, ಗೊರಟು, ಬೀಜ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿ ಬಾಯಿ ಕಟ್ಟುತ್ತೇವೆ. ಅದು ಕಸದ ಗಾಡಿಗೆ ಹೋಗುತ್ತದೆ, ಇಲ್ಲವೇ ರಸ್ತೆಯ ತಿರುವಿನಿಂದ ಕೆಳಗಿನ ಹಳ್ಳಕ್ಕೆ ಬೀಳುತ್ತದೆ. ಬೀಜಕ್ಕೆ ಬೇಕಾದದ್ದು ಗಾಳಿ, ತೇವ, ಮಣ್ಣು. ನಾವು ಕೊಡುವುದು ಗಾಳಿಯಾಡದ ಚೀಲ. ಒಳಗೆ ಬಿಸಿಯಾಗಿ, ಬೂಷ್ಟು ಹಿಡಿದು, ನಾಲ್ಕೇ ದಿನಕ್ಕೆ ಕೊಳೆಯುತ್ತದೆ. ಹೀಗೆ ಬೀಜವನ್ನು ಕೊಂದು, ಅದೇ ತಿಂಗಳಲ್ಲಿ ನರ್ಸರಿಯಿಂದ ಗಿಡ ತಂದು ನೆಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ.

ನಮ್ಮ ಅಜ್ಜಿಯ ಕಾಲದಲ್ಲಿ ಹಿತ್ತಲ ತಿಪ್ಪೆಗೆ ಎಸೆದರೂ ಹತ್ತರಲ್ಲಿ ಒಂದು ಹುಟ್ಟುತ್ತಿತ್ತು. ತಿಪ್ಪೆಯ ಗೊಬ್ಬರ ತೋಟಕ್ಕೆ ಹೋದಾಗ ಅದರ ಜೊತೆ ಬೀಜವೂ ಹೋಗುತ್ತಿತ್ತು. ಈ ಸೀಮೆಯ ಹಳೆಯ ಕಾಫಿ ತೋಟಗಳಲ್ಲಿ ಇರುವ ಹಲಸಿನ ಮರಗಳಲ್ಲಿ ಎಷ್ಟನ್ನು ಯಾರು ನೆಟ್ಟರೆಂದು ಕೇಳಿ ನೋಡಿ. ತಾವಾಗಿ ಹುಟ್ಟಿದ್ದು ಎನ್ನುವ ಉತ್ತರವೇ ಹೆಚ್ಚು. ತಾವಾಗಿ ಅಂದರೆ ಯಾರೋ ತಿಂದು ಎಸೆದದ್ದು. ಎಸೆಯುವ ಆ ಕೈ ಈಗ ಕವರಿನ ಕಡೆಗೆ ತಿರುಗಿದೆ. ಅಷ್ಟೇ ಆಗಿರುವ ವ್ಯತ್ಯಾಸ.

ಇದು ನನ್ನ ಮನಸ್ಸಿಗೆ ನಾಟಿದ್ದು ಹೇಗೆ ಎಂಬುದನ್ನು ಹೇಳಬೇಕು. ಹೇಳಲು ಸ್ವಲ್ಪ ನಾಚಿಕೆಯೂ ಆಗುತ್ತದೆ.

ನಮ್ಮ ಮನೆಯ ಹಿಂದೆ ಒಂದು ಹಲಸಿನ ಮರವಿತ್ತು. ಚಂದ್ರಬಕ್ಕೆ, ತೊಳೆ ಕೆಂಪಗೆ, ಜೇನಿನಂಥ ರುಚಿ. ಊರಿನ ಅರ್ಧ ಜನ ಅದರ ಹಣ್ಣು ತಿಂದವರೇ. ಮಳೆಗಾಲದ ಖರ್ಚಿಗೆಂದು ಅಮ್ಮ ಅದರ ಬೀಜಕ್ಕೆ ಕೆಮ್ಮಣ್ಣು ಮೆತ್ತಿ ಒಲೆಯ ಮೂಲೆಯಲ್ಲಿ ಇಡುತ್ತಿದ್ದಳು. ಆಷಾಢದಲ್ಲಿ ಪೇಟೆಗೆ ಹೋಗಲಾಗದ ದಿನಗಳಲ್ಲಿ ಬೀಜದ ಸಾರೇ ನಮಗೆ ಊಟ. ತಂಗಿಯ ಮದುವೆಯ ವರ್ಷ ಕಾಫಿಗೆ ಬೆಲೆ ಇರಲಿಲ್ಲ. ನಾಟಾಕ್ಕೆ ಒಳ್ಳೆಯ ಬೆಲೆ ಬಂತೆಂದು ನಾನು ಆ ಮರವನ್ನು ಕೊಟ್ಟುಬಿಟ್ಟೆ. ಆ ಜಾಗದಲ್ಲಿ ಸಿಲ್ವರ್ ನೆಟ್ಟೆ. ಲಾರಿ ಹೋದ ಮೇಲೆ ಅಮ್ಮ ಬೈಯಲಿಲ್ಲ. ಒಂದೇ ಮಾತು ಕೇಳಿದಳು: "ಮಗಾ, ಒಂದು ಬೀಜನಾದ್ರೂ ಇಟ್ಕೊಂಡ್ಯಾ?"

ಇಟ್ಟುಕೊಂಡಿರಲಿಲ್ಲ. ಅದು ಫೆಬ್ರವರಿ ತಿಂಗಳು, ಮರದಲ್ಲಿ ಎಳೆ ಮಿಡಿ ಮಾತ್ರ ಇತ್ತು. ಹಿಂದಿನ ವರ್ಷದ ಬೀಜ ಎಲ್ಲಿಂದ ತರುವುದು? ಆ ರುಚಿ ನಮ್ಮ ಊರಿನಲ್ಲಿ ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಭತ್ತ, ರಾಗಿ, ಹುರುಳಿ ಇವುಗಳ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಮುಂದಿನ ವರ್ಷವೂ ಹುಟ್ಟುತ್ತದೆ. ಹಲಸು, ಮಾವು, ನೇರಳೆ, ಹೆಬ್ಬಲಸು ಹಾಗಲ್ಲ. ಇವು ಮಳೆಕಾಡಿನ ಬೀಜಗಳು. ಹಣ್ಣಿನಿಂದ ಬಿದ್ದ ಕೂಡಲೇ ಒದ್ದೆ ನೆಲ ಸಿಗುತ್ತದೆಂದು ನಂಬಿ ಬಂದವು. ತಮ್ಮೊಳಗಿನ ತೇವವನ್ನು ಕಳೆದುಕೊಂಡರೆ ಜೀವವನ್ನೂ ಕಳೆದುಕೊಳ್ಳುತ್ತವೆ. ಬಿಸಿಲಿನಲ್ಲಿ ಒಣಗಿಸಿದ ಹಲಸಿನ ಬೀಜ ಸಾರಿಗೆ ಬರುತ್ತದೆ, ಸಸಿಗೆ ಬರುವುದಿಲ್ಲ. ಹಣ್ಣು ಬಿಡಿಸಿದ ವಾರದೊಳಗೆ ಊರಿದರೆ ಚೆನ್ನಾಗಿ ಹುಟ್ಟುತ್ತದೆ. ಒಂದು ತಿಂಗಳು ಕಳೆದರೆ ಬಹುಪಾಲು ಸತ್ತಿರುತ್ತದೆ. "ಮುಂದಿನ ಭಾನುವಾರ ಬಿಡುವು ಮಾಡಿಕೊಂಡು ನೆಡೋಣ" ಎನ್ನುವ ಮಾತು ಈ ಬೀಜಗಳಿಗೆ ನಡೆಯುವುದಿಲ್ಲ. ಅದಕ್ಕೇ ಇದು ವರ್ಷಕ್ಕೊಮ್ಮೆಯ ಕಾರ್ಯಕ್ರಮವಾಗಲಾರದು, ದಿನದ ಅಭ್ಯಾಸವೇ ಆಗಬೇಕು.

ಆ ಅಭ್ಯಾಸ ಇಷ್ಟೇ. ಅಡುಗೆಮನೆಯ ಕಿಟಕಿಯ ಬಳಿ ಒಂದು ತೆಂಗಿನ ಕರಟ ಇಡಿ. ಹಣ್ಣು ತಿಂದ ದಿನ, ಕೈ ತೊಳೆಯುವ ಮೊದಲು, ಅದರಲ್ಲಿ ಮೂರು ಬೀಜ ಹಾಕಿ. ಮೂರೇ ಸಾಕು. ಒಂದು ಹಲಸಿನ ಹಣ್ಣಿನಲ್ಲಿ ನೂರರಿಂದ ಐನೂರರವರೆಗೂ ಬೀಜ ಇರುತ್ತವೆ. ಉಳಿದದ್ದನ್ನು ಸಾರು ಮಾಡಿ, ಸುಟ್ಟು ತಿನ್ನಿ, ಮಣ್ಣು ಮೆತ್ತಿ ಇಡಿ. ತಿನ್ನುವುದು ಹಾಳು ಮಾಡಿದಂತಲ್ಲ. ಪ್ರಸಾದವನ್ನು ಕೆಡಿಸಬಾರದು ಎಂದು ನಾವೆಲ್ಲ ಚಿಕ್ಕಂದಿನಿಂದ ಕಲಿತಿದ್ದೇವೆ. ತಟ್ಟೆ ತೊಳೆದು ಕುಡಿಯುವ ಹಿರಿಯರನ್ನು ಕಂಡಿದ್ದೇವೆ. ಆದರೆ ಆ ಪ್ರಸಾದದೊಳಗೇ ಇರುವ ಮುಂದಿನ ಪ್ರಸಾದವನ್ನು ಕವರಿಗೆ ಕಟ್ಟಿ ಎಸೆಯುತ್ತೇವೆ. ಅಲ್ಲಿ ನಮ್ಮ ನುಡಿಗೂ ನಡೆಗೂ ತಾಳ ತಪ್ಪಿದೆ.

ಕರಟಕ್ಕೆ ಬಿದ್ದ ಬೀಜವನ್ನು ಮುಂದೆ ಏನು ಮಾಡಬೇಕು ಎಂಬುದನ್ನು ನನ್ನ ಸೋಲಿನಿಂದಲೇ ಹೇಳುತ್ತೇನೆ.

ಕೆಲಸದಲ್ಲಿದ್ದಾಗ ಒಂದು ವರ್ಷ ಪರಿಸರ ದಿನಕ್ಕೆ ನಲವತ್ತು ಗಿಡ ನೆಡಿಸಿದೆ. ಬ್ಯಾನರ್ ಇತ್ತು, ಹಾರ ಇತ್ತು, ಎಲ್ಲರೂ ಸಾಲಾಗಿ ನಿಂತು ನೀರೆರೆದೆವು. ಮೇಲೆ ಧೋ ಎಂದು ಮಳೆ ಸುರಿಯುತ್ತಿತ್ತು, ನಾವು ಕೊಡದಿಂದ ನೀರು ಹಾಕುತ್ತಿದ್ದೆವು! ಮರುವರ್ಷ ಅದೇ ದಿನ ಎಣಿಸಿದೆ. ಮೂರು ಇದ್ದವು. ನಾವು ಆ ಹಳೆಯ ಗುಂಡಿಗಳಲ್ಲೇ ಮತ್ತೆ ನೆಟ್ಟೆವು. ಅದರ ಮರುವರ್ಷವೂ ಅದೇ ಕತೆ.

ಏಕೆ ಹೀಗೆ ಎಂದು ನನಗೆ ಹೇಳಿಕೊಟ್ಟವರು ಯಾವ ಪುಸ್ತಕವೂ ಅಲ್ಲ, ನಮ್ಮ ಪಕ್ಕದ ತೋಟದಲ್ಲಿ ಕೆಲಸ ಮಾಡುವ ಒಬ್ಬ ಹಿರಿಯ ಹೆಂಗಸು. ಜುಲೈ ತಿಂಗಳಿನಲ್ಲಿ ಆ ಗಿಡಗಳನ್ನು ನೋಡಿ ನಕ್ಕು ಹೇಳಿದರು: "ಮೇಷ್ಟ್ರೇ, ನೀವು ಗಿಡಕ್ಕೆ ಗುಂಡಿ ತೋಡಿಲ್ಲ, ಬಾವಿ ತೋಡಿದೀರಿ."

ನಿಜವಾಗಿತ್ತು. ಎರಡಡಿ ಆಳದ ಗುಂಡಿ, ಅರ್ಧಕ್ಕೆ ಮಣ್ಣು, ಸುತ್ತ ಕಟ್ಟೆ. ಬಯಲುಸೀಮೆಯಲ್ಲಿ ಹಾಗೆ ಮಾಡುವುದು ಸರಿ, ಅಲ್ಲಿ ಬಿದ್ದ ನಾಲ್ಕು ಹನಿಯನ್ನು ಹಿಡಿದಿಡಬೇಕು. ಇಲ್ಲಿ ಕಳಸದ ಮಳೆ ಹೇಗೆಂದು ನಿಮಗೆ ನಾನು ಹೇಳಬೇಕೇ? ಭದ್ರೆ ಏರಿ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ದಾರಿ ನಿಲ್ಲುವ ಊರು ಇದು. ಇಂಥ ಮಳೆಗೆ ಗುಂಡಿಯೊಳಗೆ ವಾರಗಟ್ಟಲೆ ನೀರು ನಿಲ್ಲುತ್ತದೆ. ಬೇರಿಗೆ ಉಸಿರಾಡಲು ಗಾಳಿ ಇಲ್ಲದೆ ಬುಡ ಕೊಳೆಯುತ್ತದೆ. ಇಲ್ಲಿ ಮಳೆಗಾಲದಲ್ಲಿ ಗಿಡ ಕುಳಿತಿರಬೇಕಾದದ್ದು ದಿಬ್ಬದ ಮೇಲೆ. ಒಂದೂವರೆ ಅಡಿ ಗುಂಡಿ ತೋಡಿ, ಮೇಲ್ಮಣ್ಣು ಮತ್ತು ಹಳೆಯ ಸಗಣಿ ಗೊಬ್ಬರ ತುಂಬಿ, ತುಳಿದು, ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರಕ್ಕೆ ಮಣ್ಣು ಏರಿಸಿ, ಆ ದಿಬ್ಬದ ನೆತ್ತಿಯಲ್ಲಿ ಗಿಡ ಕೂರಿಸಬೇಕು. ಆಮೇಲೆ ಎಷ್ಟು ಮಳೆ ಸುರಿದರೂ ನೀರು ಇಳಿದು ಹೋಗುತ್ತದೆ.

ನಿವೃತ್ತನಾದ ವರ್ಷ ಮನೆಯಲ್ಲಿ ಕರಟ ಇಟ್ಟೆ. ನನ್ನ ಹಳೆಯ ಹಾಜರಿ ಪುಸ್ತಕದಲ್ಲಿ ಬೀಜದ ಹಾಜರಿ ಬರೆದೆ. ಆ ಮಳೆಗಾಲದಲ್ಲಿ ಅರವತ್ತನಾಲ್ಕು ಬೀಜ ಕೂಡಿತು. ನಲವತ್ತೊಂದು ಹುಟ್ಟಿದವು. ಮೂವತ್ತನ್ನು ನೆಟ್ಟೆ, ಉಳಿದದ್ದನ್ನು ನೆಂಟರಿಗೆ ಕೊಟ್ಟೆ. ಮರುವರ್ಷ ಜೂನ್‌ನಲ್ಲಿ ಎಣಿಸಿದಾಗ ಎಂಟು ಇದ್ದವು. ಮೂವತ್ತಕ್ಕೆ ಎಂಟು. ಮೇಷ್ಟ್ರು ಮತ್ತೆ ಫೇಲು.

ಆದರೆ ಈ ಸಲ ಸತ್ತ ಪ್ರತಿಯೊಂದು ಗಿಡಕ್ಕೂ ಕಾರಣ ಬರೆದಿದ್ದೆ. ಇಪ್ಪತ್ತೆರಡರಲ್ಲಿ ಆರು ಕೊಳೆತದ್ದು, ಐದು ಹಂದಿ ಅಗೆದದ್ದು, ನಾಲ್ಕು ದನ ಮೇಯ್ದದ್ದು, ಏಳು ಬೇಸಿಗೆಯಲ್ಲಿ ಒಣಗಿದ್ದು. ಸತ್ತ ಗಿಡದ ಬಳಿ ಒಂದು ನಿಮಿಷ ಕೂತು ನೋಡಿದರೆ ಅದೇ ಕಾರಣ ಹೇಳುತ್ತದೆ. ಎಲೆ ಹಳದಿಯಾಗಿ ಬುಡ ಮೆತ್ತಗಾಗಿದ್ದರೆ ನೀರು ನಿಂತಿದೆ. ಸುತ್ತ ಮಣ್ಣು ಕೆದರಿ ಬೀಜವೇ ಕಾಣೆಯಾಗಿದ್ದರೆ ಹಂದಿ, ಮುಳ್ಳುಹಂದಿ ಅಥವಾ ಇಲಿ ಬಂದಿದೆ. ಮೇಲಿನ ಕುಡಿ ಕಿತ್ತುಹೋಗಿದ್ದರೆ ದನವೋ ಮೇಕೆಯೋ. ಹಲಸಿನ ಸೊಪ್ಪೆಂದರೆ ಮೇಕೆಗೆ ಪ್ರಾಣ. ಫೆಬ್ರವರಿಯಲ್ಲಿ ತುದಿಯಿಂದ ಒಣಗುತ್ತ ಬಂದರೆ ಬೇರು ಆಳಕ್ಕೆ ಇಳಿದಿಲ್ಲ. ಅಂಥ ಒಂದನ್ನು ಕಿತ್ತು ನೋಡಿದೆ. ಬೇರು ಚೀಲದೊಳಗೆ ಹೇಗೆ ಸುತ್ತಿಕೊಂಡಿತ್ತೋ ಮಣ್ಣಿನೊಳಗೂ ಹಾಗೇ ಸುರುಳಿಯಾಗಿತ್ತು.

ಹಲಸಿಗೆ ತಾಯಿಬೇರು ಮುಖ್ಯ. ಎಲೆ ಎರಡು ಬರುವಷ್ಟರಲ್ಲಿ ಬೇರು ಗೇಣುದ್ದ ಇಳಿದಿರುತ್ತದೆ. ಸಣ್ಣ ಚೀಲದಲ್ಲಿ ಒಂದು ವರ್ಷ ಇಟ್ಟು ದೊಡ್ಡ ಗಿಡ ಮಾಡಿ ನೆಟ್ಟರೆ ಚೆಂದ ಕಾಣುತ್ತದೆ, ಆದರೆ ಅದರ ಬೇರು ಆಗಲೇ ಕುಂಟಾಗಿರುತ್ತದೆ. ನಾವು ಹುಟ್ಟಿಸಿದ ಪುಟ್ಟ ಸಸಿ ಹುಟ್ಟಿದ ಎರಡು ತಿಂಗಳಲ್ಲೇ ನೆಲಕ್ಕೆ ಹೋದರೆ, ಕೊಂಡು ತಂದ ಆಳೆತ್ತರದ ಗಿಡಕ್ಕಿಂತ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ.

ಎರಡನೆಯ ವರ್ಷ ಕ್ರಮ ಬದಲಿಸಿದೆ. ಆ ಕ್ರಮವನ್ನೇ ಈಗ ಹೇಳುತ್ತೇನೆ, ಅಕ್ಕಂದಿರು ಗಮನವಿಟ್ಟು ಕೇಳಬೇಕು, ಮಕ್ಕಳು ಬೇಕಿದ್ದರೆ ಬರೆದುಕೊಳ್ಳಿ.

ಕರಟಕ್ಕೆ ಹಾಕಿದ ಬೀಜವನ್ನು ಎರಡು ಮೂರು ದಿನದೊಳಗೆ ನೀರಿನಲ್ಲಿ ಉಜ್ಜಿ ಅಂಟು, ಸಿಹಿ ತೆಗೆಯಿರಿ. ಸಿಹಿ ಉಳಿದರೆ ಇರುವೆ ಬರುತ್ತದೆ, ಬೂಷ್ಟೂ ಬರುತ್ತದೆ. ದಪ್ಪಗೆ, ಗಾಯವಿಲ್ಲದೆ ಇರುವುದನ್ನು ಆರಿಸಿ. ಬಿಸಿಲಿಗೆ ಇಡಬೇಡಿ. ಹಾಲಿನ ಕವರು ದಿನವೂ ಬರುತ್ತದಲ್ಲ, ಒಂದು ಲೀಟರಿನದಾದರೆ ಒಳ್ಳೆಯದು, ಅದರ ತಳದಲ್ಲಿ ನಾಲ್ಕು ತೂತು ಮಾಡಿ. ಎರಡು ಪಾಲು ತೋಟದ ಮೇಲ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹುಡಿಯಾದ ಸಗಣಿ ಗೊಬ್ಬರ ತುಂಬಿ. ಹಲಸಿನ ಬೀಜವನ್ನು ಒಂದು ಅಂಗುಲ ಆಳಕ್ಕೆ ಅಡ್ಡ ಮಲಗಿಸಿ ಮುಚ್ಚಿ. ಮಾವಾದರೆ ಗೊರಟಿನ ಗಟ್ಟಿ ಸಿಪ್ಪೆಯನ್ನು ಅಂಚಿನಿಂದ ಬಿಡಿಸಿ ಒಳಗಿನ ತಿರುಳನ್ನು ಊರಿದರೆ ಬೇಗ ಹುಟ್ಟುತ್ತದೆ, ಒಳಗೆ ಹುಳ ಇದೆಯೇ ಇಲ್ಲವೇ ಎಂಬುದೂ ಆಗಲೇ ಗೊತ್ತಾಗುತ್ತದೆ. ನೇರಳೆ ಒಂದು ಬೀಜಕ್ಕೆ ಎರಡು ಮೂರು ಸಸಿ ಕೊಡುವುದುಂಟು. ಗಟ್ಟಿಯಾದದ್ದನ್ನು ಉಳಿಸಿಕೊಳ್ಳಿ.

ಕವರುಗಳನ್ನು ನೆಲದ ಮೇಲೆ ಇಡಬೇಡಿ, ಇಲಿಗೆ ಔತಣವಾಗುತ್ತದೆ. ಒಂದು ಹಲಗೆಯ ಮೇಲೆ, ಬೆಳಕು ಬೀಳುವ ಕಡೆ, ಸೂರಿನ ನೀರು ನೇರವಾಗಿ ಬೀಳದ ಹಾಗೆ ಇಡಿ. ಸೂರಿನ ಹನಿ ಬಿದ್ದ ಕಡೆ ಮಣ್ಣು ಕೊಚ್ಚಿ ಬೀಜ ಹೊರಬರುತ್ತದೆ. ಎರಡರಿಂದ ನಾಲ್ಕು ವಾರಕ್ಕೆ ಮೊಳಕೆ ಕಾಣುತ್ತದೆ. ಸಸಿ ಗೇಣುದ್ದ ಬರುವವರೆಗೆ ಅಲ್ಲೇ ಇರಲಿ. ಅಷ್ಟು ಹೊತ್ತಿಗೆ ಬೀಜದೊಳಗಿನ ಸತ್ವವನ್ನೆಲ್ಲ ಸಸಿ ಉಂಡಿರುತ್ತದೆ. ಆಮೇಲೆ ನೆಟ್ಟರೆ ಹಂದಿಗೆ ಅಗೆದು ತಿನ್ನಲು ಏನೂ ಉಳಿದಿರುವುದಿಲ್ಲ. ಹಂದಿ ಅಗೆದ ಐದು ಗಿಡ ನನಗೆ ಕಲಿಸಿದ ಪಾಠ ಇದೇ. ನಾನು ತೀರ ಎಳೆಯದಾಗಿ ನೆಟ್ಟಿದ್ದೆ, ಬೀಜ ಇನ್ನೂ ಬುಡದಲ್ಲೇ ಇತ್ತು.

ನೆಡುವಾಗ ಕವರನ್ನು ಕತ್ತರಿಸಿ ಪೂರ್ತಿ ತೆಗೆಯಬೇಕು. ಎಷ್ಟೋ ಕಡೆ ಕವರು ಸಮೇತ ಹೂಳಿದ್ದನ್ನು ನೋಡಿದ್ದೇನೆ. ತಳದಲ್ಲಿ ಬೇರು ಸುತ್ತಿದ್ದರೆ ಆ ತುದಿಯನ್ನು ಚಿವುಟಿ ಬಿಡಿ. ದಿಬ್ಬದ ಮೇಲೆ ನೆಟ್ಟು, ಬಿದಿರ ದಬ್ಬೆಯನ್ನೋ ಮುಳ್ಳಿನ ಕೊಂಬೆಯನ್ನೋ ಸುತ್ತ ಊರಿ. ಆಗಸ್ಟ್ ಮುಗಿಯುವುದರೊಳಗೆ ಇಷ್ಟು ಆಗಲಿ, ಬೇರು ಇಳಿಯಲು ಇನ್ನೆರಡು ತಿಂಗಳ ಮಳೆ ಸಿಗುತ್ತದೆ.

ಇನ್ನು ಯಾರೂ ಬ್ಯಾನರ್ ಹಾಕದ ಎರಡು ದಿನಗಳಿವೆ. ನನ್ನ ಪ್ರಕಾರ ನಿಜವಾದ ಪರಿಸರ ದಿನಗಳು ಅವೇ. ಒಂದು, ಅಕ್ಟೋಬರ್‌ನಲ್ಲಿ ಮಳೆ ಬಿಡುವು ಕೊಟ್ಟ ದಿನ. ಅಷ್ಟರಲ್ಲಿ ಕಳೆ ಸೊಂಟದೆತ್ತರ ಬೆಳೆದು ಗಿಡ ಮುಚ್ಚಿಹೋಗಿರುತ್ತದೆ. ಕಳೆ ಕೊಚ್ಚುವ ಯಂತ್ರ ತಂದವನಿಗೆ ಗಿಡ ಕಾಣದೆ ಅದನ್ನೂ ಸೇರಿಸಿ ಕೊಚ್ಚುತ್ತಾನೆ. ಮೊದಲು ನಾವು ಹೋಗಿ ಕೈಯಲ್ಲಿ ಸುತ್ತ ಎರಡಡಿ ಕಳೆ ಕಿತ್ತು, ಎದ್ದು ಕಾಣುವ ಒಂದು ಗೂಟ ನೆಡಬೇಕು. ಕಿತ್ತ ಕಳೆಯನ್ನೂ ತರಗೆಲೆಯನ್ನೂ ನಾಲ್ಕು ಬೆರಳು ದಪ್ಪಕ್ಕೆ ಬುಡದ ಸುತ್ತ ಹಾಸಬೇಕು, ಕಾಂಡಕ್ಕೆ ತಾಗದಂತೆ ಒಂದು ಮುಷ್ಟಿ ಜಾಗ ಬಿಟ್ಟು. ತಾಗಿದರೆ ಗೆದ್ದಲು ಏರುತ್ತದೆ. ಇನ್ನೊಂದು, ಜನವರಿ ಕಳೆದ ಮೇಲಿನ ಮೊದಲ ಬಿಸಿಲಿನ ದಿನ. ಅಲ್ಲಿಂದ ಹೂಮಳೆ ಬರುವವರೆಗೆ ವಾರಕ್ಕೊಂದು ಕೊಡ ನೀರು. ಮೊದಲ ಬೇಸಿಗೆ ದಾಟಿದ ಹಲಸು ಮುಂದೆ ನಿಮ್ಮನ್ನು ನೀರು ಕೇಳುವುದು ಅಪರೂಪ.

ಆ ಎರಡನೆಯ ವರ್ಷ ಇಪ್ಪತ್ತೇ ಗಿಡ ನೆಟ್ಟೆ. ಹದಿಮೂರು ಉಳಿದವು. ನೆಟ್ಟದ್ದು ಕಡಿಮೆ, ಬದುಕಿದ್ದು ಹೆಚ್ಚು.

ಈಗ ನಿಮ್ಮಲ್ಲಿ ತೋಟದವರು ಮನಸ್ಸಿನಲ್ಲೇ ಒಂದು ಪ್ರಶ್ನೆ ಕೇಳುತ್ತಿದ್ದೀರಿ. "ಮೇಷ್ಟ್ರೇ, ಹಲಸು ಯಾಕೆ? ಸಿಲ್ವರ್ ಇದೆಯಲ್ಲ." ಕೇಳಬೇಕಾದ ಪ್ರಶ್ನೆ. ಸಿಲ್ವರ್ ಬೇಗ ಬೆಳೆಯುತ್ತದೆ, ನೇರ ಹೋಗುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ. ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ. ಕಷ್ಟ ಬಂದಾಗ ಮಾರಬಹುದು. ಇದೆಲ್ಲ ನಿಜ, ನಾನೂ ನೆಟ್ಟವನೇ. ಸಿಲ್ವರ್ ಕಿತ್ತು ಹಾಕಿ ಎಂದು ನಾನು ಹೇಳುವುದಿಲ್ಲ. ಆದರೆ ಅದು ಆಸ್ಟ್ರೇಲಿಯಾದಿಂದ ಬಂದ ಮರ. ನಮ್ಮ ಮಂಗಟ್ಟೆಗೆ, ಕೆಂಜಳಿಲಿಗೆ, ಮಂಗನಿಗೆ ತಿನ್ನುವ ಹಣ್ಣು ಅದರಲ್ಲಿಲ್ಲ. ಹಿಂದಿನವರು ಕಾಫಿಯ ಮೇಲೆ ಹಾಲುವಾಣ, ಅದರ ಮೇಲೆ ಅತ್ತಿ, ಬಸರಿ, ಹಲಸು, ನಂದಿ ಎಂದು ಅಂತಸ್ತು ಅಂತಸ್ತಾಗಿ ನೆರಳು ಇಟ್ಟಿದ್ದರು. ಆ ಎಲೆ ಉದುರಿ ಗೊಬ್ಬರವಾಗುತ್ತಿತ್ತು. ಒಂದು ಮರ ಸತ್ತರೆ ಜಾಗ ಖಾಲಿಯಾಗುತ್ತದಲ್ಲ, ಆ ಜಾಗಕ್ಕೆ ಮಾತ್ರ ಒಂದು ಹಲಸೋ ಅತ್ತಿಯೋ ಬರಲಿ. ಹಲಸಿಗೂ ಮೆಣಸು ಚೆನ್ನಾಗಿ ಹಬ್ಬುತ್ತದೆ. ಬೀಜದಿಂದ ಬಂದ ಹಲಸು ಹಣ್ಣು ಬಿಡಲು ಆರೇಳು ವರ್ಷ, ಕೆಲವೊಮ್ಮೆ ಹತ್ತು ವರ್ಷವೂ ಬೇಕು. ಹಣ್ಣು ತಾಯಿಯಂತೆಯೇ ಇರುತ್ತದೆಂಬ ಖಾತ್ರಿಯೂ ಇಲ್ಲ. ಅದನ್ನು ಮುಚ್ಚಿಡಬಾರದು. ತಾಯಿಯ ರುಚಿಯೇ ಬೇಕೆಂದರೆ ಕಸಿ ಮಾಡಬೇಕು, ಆದರೆ ಕಸಿಗೂ ಕೆಳಗೆ ಬೀಜದ ಸಸಿಯೇ ಬೇಕು.

ಬೀಜವನ್ನು ಗೌರವಿಸುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಬಾಬಾಬುಡನ್ ಅವರು ಅರಬ್ ದೇಶದಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಊರಿದರು ಎಂಬ ಕತೆಯನ್ನು ಇಲ್ಲಿನ ಮಗುವೂ ಬಲ್ಲದು. ಕಾಫಿ ಬೀಜಕ್ಕೆ ನಾವು ಈಗಲೂ ಎಷ್ಟು ಉಪಚಾರ ಮಾಡುತ್ತೇವೆ! ಒಳ್ಳೆಯ ಗಿಡದ ಹಣ್ಣು ಆರಿಸಿ, ಸಿಪ್ಪೆ ತೆಗೆದು, ಬೂದಿ ಬೆರೆಸಿ, ನೆರಳಿನಲ್ಲಿ ಆರಿಸಿ, ಡಿಸೆಂಬರ್ ಜನವರಿಯಲ್ಲಿ ಮಡಿಯಲ್ಲಿ ಊರಿ, ಮೇಲೆ ಹುಲ್ಲು ಹೊದಿಸಿ, ಚಪ್ಪರ ಹಾಕಿ, ಒಂದೂವರೆ ತಿಂಗಳು ಮೊಳಕೆಗೆ ಕಾಯುತ್ತೇವೆ. ಆ ಕೈಗೆ ಎಲ್ಲ ವಿದ್ಯೆಯೂ ಗೊತ್ತು. ಅದರಲ್ಲಿ ನೂರರಲ್ಲೊಂದು ಪಾಲು ಹಲಸಿಗೆ ಸಿಕ್ಕರೆ ಸಾಕು. ಅಂಕೋಲಾ ಕಡೆಯ ಹೊನ್ನಳ್ಳಿಯ ತುಳಸಿ ಗೌಡರ ಹೆಸರು ಕೇಳಿದ್ದೀರಿ. ಶಾಲೆಯ ಮೆಟ್ಟಿಲು ಹತ್ತದ ಹಾಲಕ್ಕಿ ಹೆಣ್ಣುಮಗಳು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದು, 2020ರ ಪದ್ಮಶ್ರೀ ಪಡೆದು, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ದೊಡ್ಡ ವಿದ್ಯೆ ಗಿಡ ನೆಡುವುದಕ್ಕಿಂತ ಮೊದಲಿನದು. ಯಾವ ತಾಯಿಮರದ ಬೀಜ, ಯಾವ ಹೊತ್ತಿನಲ್ಲಿ ಎತ್ತಬೇಕು ಎಂಬುದು. ಅದು ಪುಸ್ತಕದಿಂದ ಬಂದದ್ದಲ್ಲ, ದಿನದ ಕಾಯಕದಿಂದ ಬಂದದ್ದು.

ಒಂದು ಎಚ್ಚರಿಕೆ ಹೇಳಿ ಮುಗಿಸುತ್ತೇನೆ. ಬೀಜ ಕೂಡಿಟ್ಟ ಉತ್ಸಾಹದಲ್ಲಿ ಹುಡುಗರು ಬೈಕ್ ಹತ್ತಿ ಕುದುರೆಮುಖದ ಕಡೆ ಹೋಗಿ ಬೋಳುಗುಡ್ಡದ ಮೇಲೆ ಬೀಜದುಂಡೆ ಎಸೆಯುವುದು ಬೇಡ. ಅವು ಬೋಳುಗುಡ್ಡಗಳಲ್ಲ. ಕಣಿವೆಯಲ್ಲಿ ಶೋಲೆ ಕಾಡು, ನೆತ್ತಿಯಲ್ಲಿ ಹುಲ್ಲು, ಇದು ಆ ಬೆಟ್ಟಗಳ ಹುಟ್ಟುಗುಣ. ಆ ಹುಲ್ಲೇ ಮಳೆಯನ್ನು ಹಿಡಿದು ನಮ್ಮ ಹಳ್ಳಗಳಿಗೆ ಬಿಡುತ್ತದೆ. ಅಲ್ಲಿ ಮರ ನೆಡುವುದು ಉಪಕಾರವಲ್ಲ, ಮೇಲಾಗಿ ರಾಷ್ಟ್ರೀಯ ಉದ್ಯಾನದೊಳಗೆ ಹಾಗೆ ಮಾಡುವಂತೆಯೂ ಇಲ್ಲ. ಹಾಗೆಯೇ 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಸೀಮೆಯಲ್ಲಿ ಗುಡ್ಡ ಜಾರಿದ್ದನ್ನು ಕಂಡವರು ನಾವು. ಬಿರುಕು ಬಿಟ್ಟ ಇಳಿಜಾರಿನಲ್ಲಿ ಸಾಲು ಗುಂಡಿ ತೋಡಿದರೆ ನೀರಿಗೆ ಒಳದಾರಿ ಮಾಡಿಕೊಟ್ಟಂತೆ. ನಮ್ಮ ಬೀಜಕ್ಕೆ ಜಾಗ ನಮ್ಮ ಹಿತ್ತಲು, ಬೇಲಿ, ತೋಟದ ಖಾಲಿ ಜಾಗ, ಶಾಲೆಯ ಮೂಲೆ, ಮಠದ ಹಿಂದಿನ ನೆಲ. ಮನೆಗೆ ಮೂವತ್ತಡಿ ದೂರ, ಕರೆಂಟ್ ತಂತಿಯ ಕೆಳಗೆ ಬೇಡ. ದಿನವೂ ಕಣ್ಣಿಗೆ ಬೀಳುವ ಜಾಗವಾಗಿರಲಿ. ಕಣ್ಣಿಗೆ ಬೀಳದ ಗಿಡಕ್ಕೆ ಯಾರೂ ನೀರು ಹಾಕುವುದಿಲ್ಲ.

ಲೈನ್ ಮನೆಯಲ್ಲಿರುವವರು, ಪೇಟೆಯಲ್ಲಿ ಬಾಡಿಗೆಗೆ ಇರುವವರು, ನಮಗೆ ನೆಲವೇ ಇಲ್ಲವಲ್ಲ ಎನ್ನಬಹುದು. ನಿಮ್ಮ ಕಿಟಕಿಗೂ ಒಂದು ಕರಟ ಇರಲಿ. ಸಸಿ ಮಾಡಿ ನೆಲ ಇರುವವರಿಗೆ ಕೊಡಿ. ನನಗೆ ಗುಂಡಿಗೂ ಬಾವಿಗೂ ವ್ಯತ್ಯಾಸ ಹೇಳಿಕೊಟ್ಟ ಆ ಅಮ್ಮನಿಗೆ ಒಂದು ಗೇಣು ನೆಲವೂ ಸ್ವಂತಕ್ಕಿಲ್ಲ. ನನ್ನ ತೋಟದಲ್ಲಿ ಈಗ ನಿಂತಿರುವ ಹಲಸಿನಲ್ಲಿ ನಾಲ್ಕು ಅವರು ಹಾಲಿನ ಕವರಿನಲ್ಲಿ ಹುಟ್ಟಿಸಿ ತಂದುಕೊಟ್ಟವು.

ಇವತ್ತು ಇಲ್ಲಿ ಗಿಡ ನೆಡುವ ಕಾರ್ಯಕ್ರಮ ಇದೆ, ನೆಡೋಣ, ದಿಬ್ಬ ಮಾಡಿ ನೆಡೋಣ. ಮಧ್ಯಾಹ್ನ ದಾಸೋಹದಲ್ಲಿ ಹಲಸಿನ ಹಣ್ಣೂ ಇದೆ ಎಂದು ಕೇಳಿದೆ. ಪಂಕ್ತಿಯ ಕೊನೆಯಲ್ಲಿ ಒಂದು ಬುಟ್ಟಿ ಇಡಲು ಹೇಳಿದ್ದೇನೆ. ತಿಂದವರು ಮೂರು ಮೂರು ಬೀಜ ಮನೆಗೆ ಒಯ್ಯಿರಿ, ಒಯ್ಯಲಾಗದವರು ಬುಟ್ಟಿಗೆ ಹಾಕಿ, ಮಕ್ಕಳು ನಾಳೆ ಕವರಿಗೆ ಊರುತ್ತಾರೆ. ಮುಂದಿನ ಜೂನ್ 5ಕ್ಕೆ ನನ್ನನ್ನು ಭಾಷಣಕ್ಕೆ ಕರೆಯಬೇಡಿ. ಹಾಜರಿ ಪುಸ್ತಕ ಹಿಡಿದು ನಾನೇ ಬರುತ್ತೇನೆ. ಎಷ್ಟು ನೆಟ್ಟಿರಿ ಎಂದು ಕೇಳುವುದಿಲ್ಲ. ಎಷ್ಟು ಉಳಿದಿವೆ ಎಂದು ಮಾತ್ರ ಕೇಳುತ್ತೇನೆ.

ನನ್ನ ಅಮ್ಮ ಕೇಳಿದ ಪ್ರಶ್ನೆಗೆ ಅವಳಿರುವಾಗ ನನ್ನಲ್ಲಿ ಉತ್ತರವಿರಲಿಲ್ಲ. ನಿಮ್ಮ ಮಕ್ಕಳು ಮುಂದೊಂದು ದಿನ ಅದನ್ನೇ ಕೇಳಿದರೆ, ಕಿಟಕಿಯ ಕಡೆ ಕೈ ತೋರಿಸುವಂತಾಗಲಿ.